ಕೊಠಡಿ ಎಲ್ಲರಿಗೂ ಸಮ, ಬಂಡಲ್ ಮಾತ್ರ ಕೆಲವರಿಗೆ

ಅರ್ಧವಾರ್ಷಿಕ ಪರೀಕ್ಷೆಗೆ ನಾಲ್ಕೈದು ದಿನ ಇರುವಾಗ ಪ್ರೌಢಶಾಲೆಗಳ ಸ್ಟಾಫ್ ರೂಮಿನ ಗೋಡೆಗೆ ಒಂದು ಹಾಳೆ ಅಂಟಿಕೊಳ್ಳುತ್ತದೆ. ಎಡಗಡೆ ಶಿಕ್ಷಕರ ಹೆಸರು, ಮೇಲುಗಡೆ ಪರೀಕ್ಷೆಯ ದಿನಾಂಕ, ನಡುವಿನ ಚೌಕಗಳಲ್ಲಿ ಕೊಠಡಿ ಸಂಖ್ಯೆ. ಇದು ಡ್ಯೂಟಿ ಚಾರ್ಟ್. ಎಲ್ಲರೂ ಮೊದಲು ನೋಡುವುದು ತಮ್ಮ ಸಾಲನ್ನು, ಆಮೇಲೆ ಪಕ್ಕದವರ ಸಾಲನ್ನು. ಎಲ್ಲರಿಗೂ ನಾಲ್ಕು ನಾಲ್ಕು ಡ್ಯೂಟಿ ಬಿದ್ದಿದ್ದರೆ ಯಾರೂ ಮಾತಾಡುವುದಿಲ್ಲ. ಚಾರ್ಟ್ ಮಾಡಿದವರಿಗೂ ಸಮಾಧಾನ.

ಆದರೆ ಆ ಹಾಳೆಯಲ್ಲಿ ಇರುವುದು ಪರೀಕ್ಷೆಯ ಅರ್ಧ ಕೆಲಸ ಮಾತ್ರ. ಗಂಟೆ ಬಾರಿಸಿ, ಮಕ್ಕಳು ಮನೆಗೆ ಹೋದ ಮೇಲೆ ಉತ್ತರ ಪತ್ರಿಕೆಗಳ ಬಂಡಲ್ ಕಟ್ಟಿ ವಿಷಯ ಶಿಕ್ಷಕರ ಮೇಜಿನ ಮೇಲೆ ಇಡುತ್ತಾರಲ್ಲ, ಉಳಿದ ಅರ್ಧ ಶುರುವಾಗುವುದು ಅಲ್ಲಿಂದ. ಅದನ್ನು ಯಾವ ಚಾರ್ಟೂ ಬರೆದಿಡುವುದಿಲ್ಲ. ಅದು ಬ್ಯಾಗಿನಲ್ಲಿ ಮನೆಗೆ ಹೋಗುತ್ತದೆ, ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತದೆ. ದೈಹಿಕ ಶಿಕ್ಷಣದ ಮೇಷ್ಟ್ರಿಗೂ ಕನ್ನಡದ ಮೇಡಂಗೂ ನಾಲ್ಕು ನಾಲ್ಕು ಡ್ಯೂಟಿ ಹಾಕಿದ ಚಾರ್ಟ್ ಸಮಾನವಾಗಿ ಕಾಣುತ್ತದೆ. ನಿಜವಾಗಿ ಅದು ಎಷ್ಟು ಅಸಮ ಎಂಬುದು ಒಂದು ಶಾಲೆಯ ಲೆಕ್ಕವನ್ನು ಪೂರ್ತಿ ಬಿಡಿಸಿದಾಗಲೇ ಗೊತ್ತಾಗುವುದು. ಹಾಗೆ ಬಿಡಿಸೋಣ.

ನಮ್ಮ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಸರ್ಕಾರಿ ಪ್ರೌಢಶಾಲೆಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. 8, 9, 10ನೇ ತರಗತಿಗಳಲ್ಲಿ ತಲಾ 60 ಮಕ್ಕಳು, ಒಟ್ಟು 180. ಮುಖ್ಯ ಶಿಕ್ಷಕರನ್ನು ಬಿಟ್ಟು ಹತ್ತು ಶಿಕ್ಷಕರು: ಕನ್ನಡಕ್ಕೆ ಒಬ್ಬರು, ಇಂಗ್ಲಿಷಿಗೆ ಒಬ್ಬರು, ಹಿಂದಿಗೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಇಬ್ಬರು. ಗಣಿತ ಮತ್ತು ಭೌತ-ರಸಾಯನಶಾಸ್ತ್ರ ಪಾಠ ಮಾಡುವ ಪಿಸಿಎಂ ಶಿಕ್ಷಕರು ಇಬ್ಬರು, ಜೀವಶಾಸ್ತ್ರಕ್ಕೆ ಸಿಬಿಜೆಡ್ ಶಿಕ್ಷಕಿ ಒಬ್ಬರು. ಜೊತೆಗೆ ಒಬ್ಬರು ದೈಹಿಕ ಶಿಕ್ಷಣ ಶಿಕ್ಷಕರು, ಒಬ್ಬರು ಚಿತ್ರಕಲಾ ಶಿಕ್ಷಕರು. ಪರೀಕ್ಷೆ ಎಸ್‌ಎ-1, ಅಂದರೆ ಮೊದಲ ಸಂಕಲನಾತ್ಮಕ ಮೌಲ್ಯಮಾಪನ. ದಿನಕ್ಕೊಂದು ಪತ್ರಿಕೆಯಂತೆ ಆರು ದಿನ. ಮೊದಲ ದಿನ ಕನ್ನಡ, ಆಮೇಲೆ ಕ್ರಮವಾಗಿ ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ.

ಮೊದಲು ಕೊಠಡಿಯ ಲೆಕ್ಕ. ಒಂದು ಕೊಠಡಿಗೆ 30 ಮಕ್ಕಳಂತೆ ಆರು ಕೊಠಡಿ ಬೇಕು. ಪ್ರತಿ ಕೊಠಡಿಯಲ್ಲೂ ಮೂರು ತರಗತಿಯಿಂದ ಹತ್ತು ಹತ್ತು ಮಕ್ಕಳನ್ನು ಕೂರಿಸಿದರೆ ಪಕ್ಕದವನ ಹಾಳೆ ನೋಡಿ ಯಾರಿಗೂ ಪ್ರಯೋಜನವಿಲ್ಲ, ಮೇಲ್ವಿಚಾರಕರ ಅರ್ಧ ತಲೆನೋವು ಅಲ್ಲೇ ಕಡಿಮೆಯಾಗುತ್ತದೆ. ಆರು ಕೊಠಡಿಗೆ ಆರು ಜನ, ಜೊತೆಗೆ ಒಬ್ಬರು ರಿಲೀವರ್. ರಿಲೀವರ್ ಇಲ್ಲದ ಚಾರ್ಟನ್ನು ನಾನು ಚಾರ್ಟ್ ಎಂದೇ ಕರೆಯಲಾರೆ. ಮೂರು ಗಂಟೆ ಒಂದೇ ಕೋಣೆಯಲ್ಲಿ ನಿಲ್ಲುವವರು ಒಮ್ಮೆ ನೀರು ಕುಡಿಯಬೇಕು, ಶೌಚಾಲಯಕ್ಕೆ ಹೋಗಬೇಕು. ರಿಲೀವರ್ ಒಬ್ಬೊಬ್ಬರಿಗೆ ಹತ್ತು ನಿಮಿಷ ಬಿಡುವು ಕೊಟ್ಟರೂ ಒಂದು ಸುತ್ತು ಮುಗಿಯಲು ಒಂದು ಗಂಟೆ ಬೇಕು. ಉಳಿದ ಹೊತ್ತಿನಲ್ಲಿ ಹೆಚ್ಚುವರಿ ಹಾಳೆ ಮುಟ್ಟಿಸುವುದು, ಪ್ರಶ್ನೆಪತ್ರಿಕೆಯಲ್ಲಿ ಅಚ್ಚಿನ ತಪ್ಪು ಕಂಡರೆ ವಿಷಯ ಶಿಕ್ಷಕರನ್ನು ಕೇಳಿ ಎಲ್ಲ ಕೊಠಡಿಗೂ ಒಂದೇ ತಿದ್ದುಪಡಿ ಹೇಳಿ ಬರುವುದು ಅವರ ಕೆಲಸ.

ಅಲ್ಲಿಗೆ ದಿನಕ್ಕೆ ಏಳು ಡ್ಯೂಟಿ, ಆರು ದಿನಕ್ಕೆ 42. ಪರೀಕ್ಷೆ ಮೂರು ಗಂಟೆಯದಾದರೂ ಡ್ಯೂಟಿ ಮೂರೂವರೆ ಗಂಟೆಯದು. ಇಪ್ಪತ್ತು ನಿಮಿಷ ಮೊದಲೇ ಬಂದು ಬಂಡಲ್ ಪಡೆಯಬೇಕು, ಮುಗಿದ ಮೇಲೆ ಉತ್ತರ ಪತ್ರಿಕೆಗಳನ್ನು ತರಗತಿವಾರು, ಕ್ರಮಸಂಖ್ಯೆವಾರು ಜೋಡಿಸಿ, ಎಣಿಸಿ, ಗೈರುಹಾಜರಾದವರನ್ನು ಬರೆದು ಒಪ್ಪಿಸಬೇಕು. 42 ಡ್ಯೂಟಿಗೆ 147 ಗಂಟೆ. ಹತ್ತು ಜನಕ್ಕೆ ಹಂಚಿದರೆ ತಲಾ ನಾಲ್ಕು ಡ್ಯೂಟಿ, ಇಬ್ಬರಿಗೆ ಐದು. ಹೆಚ್ಚಿನ ಶಾಲೆಗಳ ಚಾರ್ಟ್ ಇಲ್ಲಿಗೆ ಮುಗಿಯುತ್ತದೆ.

ಈಗ ಬಂಡಲಿನ ಲೆಕ್ಕ. ಪ್ರತಿ ವಿಷಯಕ್ಕೂ 180 ಉತ್ತರ ಪತ್ರಿಕೆ, ಆರು ವಿಷಯಕ್ಕೆ 1080. ಪತ್ರಿಕೆಗಳ ಸಂಖ್ಯೆ ಒಂದೇ ಇದ್ದರೂ ಅವನ್ನು ನೋಡಲು ಹಿಡಿಯುವ ಹೊತ್ತು ಒಂದೇ ಅಲ್ಲ. ಕನ್ನಡದ ಪತ್ರಿಕೆಯಲ್ಲಿ ಪ್ರಬಂಧ, ಪತ್ರ, ಗಾದೆಯ ವಿಸ್ತರಣೆ, ಪದ್ಯದ ಸಾರಾಂಶ ಇರುತ್ತವೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಯ ಲಿಖಿತ ಪರೀಕ್ಷೆ 100 ಅಂಕದ್ದು, ಉಳಿದ ವಿಷಯಗಳದ್ದು 80. ಹತ್ತನೇ ತರಗತಿಗೆ ಶಾಲೆಯೊಳಗೆ ಪರೀಕ್ಷೆ ಮಾಡುವಾಗಲೂ ಅದೇ ಮಾದರಿ ಇಟ್ಟುಕೊಂಡರೆ ಕನ್ನಡದ ಪುಟಗಳೇ ಹೆಚ್ಚು. ಇಂಗ್ಲಿಷಿನಲ್ಲಿ ಬರೆಯುವ ಪುಟ ಕಡಿಮೆ, ಆದರೆ ಪ್ರತಿ ವಾಕ್ಯವನ್ನೂ ನಿಂತು ಓದಬೇಕು. ಗಣಿತದಲ್ಲಿ ಉತ್ತರ ಸರಿಯಿದ್ದರೆ ಬೇಗ, ತಪ್ಪಿದ್ದರೆ ಯಾವ ಹಂತದಲ್ಲಿ ತಪ್ಪಿತೆಂದು ಹುಡುಕಿ ಹಂತದ ಅಂಕ ಕೊಡಬೇಕು. ಒಂದು ಪದದ ಉತ್ತರ, ಹೊಂದಿಸಿ ಬರೆಯಿರಿ ಇಂಥವು ಯಾವ ವಿಷಯದಲ್ಲಾದರೂ ಕ್ಷಣದಲ್ಲಿ ಮುಗಿಯುತ್ತವೆ.

ಒಂದು ಪತ್ರಿಕೆಗೆ ಎಷ್ಟು ನಿಮಿಷ ಎಂಬುದನ್ನು ಬಾಯಿಮಾತಿನಲ್ಲಿ ತೀರ್ಮಾನಿಸಿದರೆ ಸ್ಟಾಫ್ ರೂಮಿನಲ್ಲಿ ಜಗಳ ಖಂಡಿತ. ಅಳೆಯುವುದು ಸುಲಭ. ಹಿಂದಿನ ಪರೀಕ್ಷೆಯ ಬಂಡಲ್ ನೋಡುವಾಗ ಮೊದಲ ಐದಾರು ಪತ್ರಿಕೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಆಗ ಸ್ಕೀಮ್ ಇನ್ನೂ ತಲೆಗೆ ಹತ್ತಿರುವುದಿಲ್ಲ, ಕೈ ನಿಧಾನ. ಆಮೇಲಿನ ಹತ್ತು ಪತ್ರಿಕೆಗೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಬೇಕು. ಆ ಹತ್ತರಲ್ಲಿ ಚೆನ್ನಾಗಿ ಬರೆಯುವವರು, ಬರೆಯದವರು ಎಲ್ಲ ಬೆರೆತಿರಬೇಕು. ಖಾಲಿ ಹಾಳೆ ಕೊಟ್ಟವನ ಪತ್ರಿಕೆ ಒಂದು ನಿಮಿಷಕ್ಕೆ ಮುಗಿದರೆ ಹಾಳೆ ತುಂಬ ಬರೆದ ಹುಡುಗಿಯದು ಹದಿನೈದು ನಿಮಿಷ ಹಿಡಿದೀತು. ಹೀಗೆ ಎರಡು ಮೂರು ಬಾರಿ ಅಳೆದು ಸರಾಸರಿ ತೆಗೆದು, ಸಿಬ್ಬಂದಿ ಸಭೆಯಲ್ಲಿ ಎಲ್ಲರೂ ಒಪ್ಪಿದ ಅಂಕಿಯನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಅಂಕಿ ವಿಷಯಕ್ಕೆ ಇರಬೇಕು, ವ್ಯಕ್ತಿಗೆ ಅಲ್ಲ. ವ್ಯಕ್ತಿಗೆ ಇಟ್ಟರೆ ನಿಧಾನವಾಗಿ ನೋಡುವವರಿಗೆ ಕೊಠಡಿ ಕಡಿಮೆಯಾಗಿ, ಚುರುಕಾಗಿ ಮುಗಿಸುವವರಿಗೆ ಶಿಕ್ಷೆಯಾದಂತಾಗುತ್ತದೆ.

ನಮ್ಮ ಉದಾಹರಣೆಯ ಶಾಲೆಯಲ್ಲಿ ಒಪ್ಪಿದ ಅಂಕಿ ಹೀಗಿದೆ ಎನ್ನೋಣ: ಕನ್ನಡ, ಇಂಗ್ಲಿಷಿಗೆ ಪತ್ರಿಕೆಯೊಂದಕ್ಕೆ 10 ನಿಮಿಷ, ಸಮಾಜ ವಿಜ್ಞಾನಕ್ಕೆ 9, ಗಣಿತ ಮತ್ತು ವಿಜ್ಞಾನಕ್ಕೆ 8, ಹಿಂದಿಗೆ 7. ಕನ್ನಡದ ಮೇಡಂ 180 ಪತ್ರಿಕೆಗೆ 1800 ನಿಮಿಷ, ಅಂದರೆ 30 ಗಂಟೆ ಕೂರಬೇಕು. ಇಂಗ್ಲಿಷಿನವರಿಗೂ 30. ಹಿಂದಿಯವರಿಗೆ 21. ಗಣಿತ, ವಿಜ್ಞಾನದ 360 ಪತ್ರಿಕೆಗಳನ್ನು ಪಿಸಿಎಂ, ಸಿಬಿಜೆಡ್ ಮೂವರು 120ರಂತೆ ಹಂಚಿಕೊಂಡರೆ ತಲಾ 16 ಗಂಟೆ. ಸಮಾಜ ವಿಜ್ಞಾನದವರು ಇಬ್ಬರಿರುವುದರಿಂದ ತಲಾ 90 ಪತ್ರಿಕೆ, ಹದಿಮೂರೂವರೆ ಗಂಟೆ. ದೈಹಿಕ ಶಿಕ್ಷಣ, ಚಿತ್ರಕಲೆಯವರಿಗೆ ಬಂಡಲ್ ಇಲ್ಲ.

ಈ ಹೊತ್ತನ್ನು ಗೋಡೆಯ ಚಾರ್ಟಿಗೆ ಸೇರಿಸಿ ನೋಡಿ. ಎಲ್ಲರಿಗೂ ನಾಲ್ಕು ಡ್ಯೂಟಿ, ಐದನೆಯದು ದೈಹಿಕ ಶಿಕ್ಷಣ ಮತ್ತು ಚಿತ್ರಕಲೆಯ ಇಬ್ಬರಿಗೆ ಎಂದು ಉದಾರವಾಗಿಯೇ ಹಂಚಿದ್ದೇವೆ ಎಂದುಕೊಳ್ಳೋಣ. ಆಗಲೂ ಕನ್ನಡದ ಮೇಡಂ ಕೆಲಸ 44 ಗಂಟೆ, ದೈಹಿಕ ಶಿಕ್ಷಣದವರದು ಹದಿನೇಳೂವರೆ ಗಂಟೆ. ಅಂತರ ಇಪ್ಪತ್ತಾರೂವರೆ ಗಂಟೆ. ಒಂದೇ ಪರೀಕ್ಷೆಯಲ್ಲಿ ಒಬ್ಬರಿಗೆ ಮೂರು ನಾಲ್ಕು ಪೂರ್ತಿ ದಿನದ ಕೆಲಸ ಹೆಚ್ಚು. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಕೆಲಸವನ್ನು ತೆಗೆದುಕೊಂಡಿಲ್ಲ, ಅಷ್ಟೆ.

ಹಾಗಾಗಿ ಚಾರ್ಟನ್ನು ಡ್ಯೂಟಿಯ ಸಂಖ್ಯೆಯಲ್ಲಿ ಮಾಡದೆ ಗಂಟೆಯಲ್ಲಿ ಮಾಡಬೇಕು. ಮೌಲ್ಯಮಾಪನದ ಒಟ್ಟು ಹೊತ್ತು 156 ಗಂಟೆ, ಕೊಠಡಿಯದು 147, ಎರಡೂ ಸೇರಿ 303. ಹತ್ತು ಜನಕ್ಕೆ ತಲಾ ಸುಮಾರು 30 ಗಂಟೆ. ಮೊದಲು ಬಂಡಲ್ ಹಂಚಿ, ಉಳಿದ ಹೊತ್ತನ್ನು ಕೊಠಡಿಯಿಂದ ತುಂಬಿಸುತ್ತ ಬರಬೇಕು. ಕೊಠಡಿಯನ್ನು ಯಾರಾದರೂ ನೋಡಿಕೊಳ್ಳಬಹುದು, ಕನ್ನಡದ ಬಂಡಲನ್ನು ಯಾರಾದರೂ ನೋಡಲು ಬರುವುದಿಲ್ಲ. ಹಂಚಲು ಬಾರದ ಕೆಲಸವನ್ನು ಮೊದಲು ಇಟ್ಟು, ಹಂಚಲು ಬರುವುದನ್ನು ಆಮೇಲೆ ಇಡುವುದೇ ಇಲ್ಲಿರುವ ಉಪಾಯ.

ಹಾಗೆ ತುಂಬಿಸುತ್ತ ಹೋದರೆ ಏನಾಗುತ್ತದೆ? ಕನ್ನಡ, ಇಂಗ್ಲಿಷಿನವರ ಪಾಲು ಬಂಡಲಿನಲ್ಲೇ ಮುಗಿದುಹೋಗಿದೆ. ಅವರಿಗೆ ಡ್ಯೂಟಿಯೇ ಬೇಡ ಎನ್ನಬೇಕು. ಆದರೆ 42 ಡ್ಯೂಟಿ ತುಂಬಲೇಬೇಕಲ್ಲ. ದೈಹಿಕ ಶಿಕ್ಷಣ, ಚಿತ್ರಕಲೆಯವರಿಗೆ ಆರು ದಿನವೂ ಹಾಕಿದರೂ ಹನ್ನೆರಡು. ಸಮಾಜ ವಿಜ್ಞಾನದವರಿಗೆ ಐದೈದು, ಪಿಸಿಎಂ, ಸಿಬಿಜೆಡ್ ಮೂವರಿಗೂ ಐದೈದು, ಹಿಂದಿಯವರಿಗೆ ಮೂರು. ಅಲ್ಲಿಗೆ 40. ಉಳಿದ ಎರಡನ್ನು ಕನ್ನಡ, ಇಂಗ್ಲಿಷಿನವರು ಒಂದೊಂದು ತೆಗೆದುಕೊಳ್ಳಬೇಕು. ಈಗ ಕನ್ನಡ, ಇಂಗ್ಲಿಷಿನವರಿಗೆ ಮೂವತ್ತಮೂರೂವರೆ ಗಂಟೆ, ವಿಜ್ಞಾನದ ಮೂವರಿಗೂ ಅಷ್ಟೇ. ಹಿಂದಿಯವರಿಗೆ ಮೂವತ್ತೊಂದೂವರೆ, ಸಮಾಜ ವಿಜ್ಞಾನದವರಿಗೆ 31. ದೈಹಿಕ ಶಿಕ್ಷಣ, ಚಿತ್ರಕಲೆಯವರದು ಇನ್ನೂ 21ರಲ್ಲೇ ಇದೆ.

ಆ ಇಬ್ಬರ ಉಳಿದ ಹೊತ್ತಿಗೆ ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ ಪತ್ರಿಕೆಯ ಮುಖಪುಟದಲ್ಲೇ ಕೆಲಸ ಕಾದಿದೆ. ಒಳಪುಟದಲ್ಲಿ ಕೊಟ್ಟ ಅಂಕ ಮುಖಪುಟದ ಚೌಕಕ್ಕೆ ಬಂದಿದೆಯೇ, ಮೊತ್ತ ಸರಿಯೇ, ನೋಡದೆ ಬಿಟ್ಟ ಉತ್ತರ ಇದೆಯೇ, ಹೆಚ್ಚುವರಿ ಹಾಳೆಯಲ್ಲಿನ ಉತ್ತರಕ್ಕೆ ಅಂಕ ಬಿದ್ದಿದೆಯೇ ಎಂದು ಇನ್ನೊಬ್ಬರು ನೋಡಬೇಕು. ಅಂಕ ಕೊಡಲು ವಿಷಯಜ್ಞಾನ ಬೇಕು, ಕೊಟ್ಟ ಅಂಕ ಕೂಡಿಸಲು ಬೇಡ. ಎಸ್‌ಎಸ್‌ಎಲ್‌ಸಿ ಮಕ್ಕಳು ಮರುಎಣಿಕೆಗೆ ಅರ್ಜಿ ಹಾಕುವುದು ಇಂಥ ಕೂಡಿಕೆಯ ತಪ್ಪಿಗೇ. ಶಾಲೆಯೊಳಗಿನ ಪರೀಕ್ಷೆಯಲ್ಲಿ ಈ ಎರಡನೆಯ ಕಣ್ಣು ಸಾಮಾನ್ಯವಾಗಿ ಇರುವುದೇ ಇಲ್ಲ. ಪತ್ರಿಕೆಗೆ ಒಂದು ನಿಮಿಷದಂತೆ 1080 ಪತ್ರಿಕೆಗೆ 18 ಗಂಟೆ, ಇಬ್ಬರಿಗೆ ಒಂಬತ್ತೊಂಬತ್ತು. ಅವರ ಲೆಕ್ಕ 30ಕ್ಕೆ ಬಂತು. ಮಕ್ಕಳ ಅಂಕಪಟ್ಟಿಗೂ ಒಂದು ಭದ್ರತೆ ಸಿಕ್ಕಿತು.

ಈಗ ಅತಿ ಹೆಚ್ಚು ಕೆಲಸ ಮೂವತ್ತಮೂರೂವರೆ ಗಂಟೆ, ಅತಿ ಕಡಿಮೆ 30. ಅಂತರ ಸರಿಯಾಗಿ ಒಂದು ಡ್ಯೂಟಿಯಷ್ಟು. ಚಾರ್ಟ್ ಸರಿಯಿದೆಯೇ ಎಂದು ತಿಳಿಯಲು ನನ್ನ ಪ್ರಕಾರ ಇದೇ ಅಳತೆ: ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರ ಒಂದು ಡ್ಯೂಟಿಯನ್ನು ಮೀರಿದರೆ ಒಂದು ಡ್ಯೂಟಿಯನ್ನು ಆ ಸಾಲಿನಿಂದ ಈ ಸಾಲಿಗೆ ಸರಿಸಲು ಸಾಧ್ಯವೇ ಎಂದು ನೋಡಬೇಕು. ಅದಕ್ಕಿಂತ ಸೂಕ್ಷ್ಮವಾಗಿ ಸರಿಮಾಡಲು ಹೋದರೆ ಚಾರ್ಟ್ ಮಾಡುವ ಕೆಲಸವೇ ಹೊಸ ಹೊರೆಯಾಗುತ್ತದೆ.

ಶಾಲೆಯ ಕಂಪ್ಯೂಟರಿನಲ್ಲಿ ಇದನ್ನು ಇಟ್ಟುಕೊಳ್ಳುವುದಾದರೆ ಒಬ್ಬರಿಗೆ ಒಂದು ಸಾಲು ಸಾಕು. B ಇಂದ G ವರೆಗಿನ ಆರು ಕಾಲಂ ಆರು ದಿನಗಳದು. ಡ್ಯೂಟಿ ಇದ್ದ ದಿನ ಕೊಠಡಿ ಸಂಖ್ಯೆ, ಇಲ್ಲದ ದಿನ ಖಾಲಿ. H ನಲ್ಲಿ ಪತ್ರಿಕೆಗಳ ಸಂಖ್ಯೆ, I ನಲ್ಲಿ ಪತ್ರಿಕೆಗೆ ಎಷ್ಟು ನಿಮಿಷ. ಒಟ್ಟು ಗಂಟೆ ಬೇಕಾದ ಚೌಕದಲ್ಲಿ ಇಷ್ಟು ಬರೆದರೆ ಆಯಿತು:

```
=COUNTA(B2:G2)*3.5+H2*I2/60
```

ಕನ್ನಡದ ಮೇಡಂ ಸಾಲಿನಲ್ಲಿ ಒಂದು ಡ್ಯೂಟಿ, 180 ಪತ್ರಿಕೆ, 10 ನಿಮಿಷ ಎಂದು ತುಂಬಿದರೆ 33.5 ಬರುತ್ತದೆ. ಒಂದು ಡ್ಯೂಟಿ ಬದಲಾಯಿಸಿದ ಕೂಡಲೇ ಮೊತ್ತವೂ ಬದಲಾಗುವುದರಿಂದ ಯಾರಿಗೆ ಎಷ್ಟಾಯಿತೆಂದು ಎಲ್ಲರೂ ಅಲ್ಲೇ ನೋಡಬಹುದು. ಪೆನ್ಸಿಲ್ ಮತ್ತು ಹಾಳೆಯಲ್ಲೂ ಇದೇ ಕೆಲಸ ಆಗುತ್ತದೆ.

ಎಷ್ಟು ಡ್ಯೂಟಿ ಎಂದು ತೀರ್ಮಾನವಾದ ಮೇಲೆ ಯಾವ ದಿನ ಎಂಬುದು ಉಳಿಯುತ್ತದೆ. ನನಗೆ ಇದು ಚಾರ್ಟಿನ ಅತ್ಯಂತ ಮುಖ್ಯ ಭಾಗ. ಇಲ್ಲಿ ಎರಡು ನಿಯಮ ಒಟ್ಟಿಗೆ ನಡೆಯಬೇಕು. ತಮ್ಮ ವಿಷಯದ ಪರೀಕ್ಷೆಯ ದಿನ ಆ ಶಿಕ್ಷಕರು ಕೊಠಡಿಯಲ್ಲಿ ಇರಬಾರದು. ಮಕ್ಕಳು ಪ್ರಶ್ನೆಯ ಅರ್ಥ ಕೇಳುತ್ತಾರೆ, ಹೇಳದೆ ಇರುವುದು ಪಾಠ ಮಾಡಿದವರಿಗೆ ಕಷ್ಟ. ಅಚ್ಚಿನ ತಪ್ಪು ಬಂದರೆ ತಿದ್ದಿ ಹೇಳಲು ಅವರು ಹೊರಗೆ ಸಿಗಲೂಬೇಕು. ಎರಡನೆಯದು, ಬಂಡಲ್ ಕೈಗೆ ಬಂದ ಮೇಲಿನ ದಿನಗಳಲ್ಲಿ ದೊಡ್ಡ ಬಂಡಲಿನವರಿಗೆ ಬಿಡುವು ಸಿಗಬೇಕು.

ಇಂಗ್ಲಿಷಿನವರ ಒಂದು ಡ್ಯೂಟಿಯನ್ನು ಮೊದಲ ದಿನವೇ, ಕನ್ನಡದ ಪತ್ರಿಕೆಗೆ ಹಾಕಿದರೆ ಎರಡೂ ನಿಯಮ ಪಾಲಿಸಿದಂತೆ. ಎರಡನೆಯ ದಿನ ಮಧ್ಯಾಹ್ನ ಅವರ ಬಂಡಲ್ ಬರುತ್ತದೆ, ಆಮೇಲೆ ನಾಲ್ಕು ಬೆಳಗ್ಗೆ ಪೂರ್ತಿ ಶಾಲೆಯಲ್ಲೇ ಕೂತು ನೋಡಬಹುದು. ಕನ್ನಡದ ಮೇಡಂ ಡ್ಯೂಟಿ ನಾಲ್ಕನೆಯ ದಿನ, ಗಣಿತಕ್ಕೆ; ಅಂದು ಪಿಸಿಎಂ ಇಬ್ಬರೂ ಹೊರಗಿರಬೇಕಾದ್ದರಿಂದ ಜನ ಬೇಕು. ಹಿಂದಿಯವರು ತಮ್ಮ ಪತ್ರಿಕೆಯ ದಿನ ಮತ್ತು ಅದಕ್ಕೂ ಮೊದಲಿನ ಎರಡು ದಿನ ಹೊರಗಿದ್ದು, ಕೊನೆಯ ಮೂರು ದಿನ ಕೊಠಡಿಗೆ ಬರುತ್ತಾರೆ. ಇದು ಅವರಿಗೆ ಅಷ್ಟು ಅನುಕೂಲವಲ್ಲ ಎಂದು ಒಪ್ಪಬೇಕು, ಏಕೆಂದರೆ ಬಿಡುವು ಇರುವ ಮೊದಲೆರಡು ದಿನ ಬಂಡಲ್ ಇರುವುದಿಲ್ಲ. ಆ ಎರಡು ದಿನ ಯಾರಾದರೂ ರಜೆ ಹಾಕಿದರೆ ಬದಲಿಗೆ ಬರುವವರು ಅವರು, ಮತ್ತು ಬಂದರೆ ಕೊನೆಯ ಮೂರರಲ್ಲಿ ಒಂದು ಕಡಿಮೆಯಾಗುತ್ತದೆ ಎಂದು ಮೊದಲೇ ಬರೆದಿಟ್ಟರೆ ಅವರಿಗೂ ನ್ಯಾಯ.

ದಿನಕ್ಕೆ ಏಳು ಜನ ಒಳಗೆ, ಮೂವರು ಹೊರಗೆ. ಇಷ್ಟು ಇಕ್ಕಟ್ಟಿನಲ್ಲಿ ಎಲ್ಲ ನಿಯಮವೂ ಎಲ್ಲ ದಿನವೂ ನಡೆಯುವುದಿಲ್ಲ. ಸಮಾಜ ವಿಜ್ಞಾನದ ದಿನ ಕನ್ನಡ, ಇಂಗ್ಲಿಷಿನವರು ಬಂಡಲಿನಲ್ಲಿ ಮುಳುಗಿದ್ದಾರೆ, ಹೊರಗಿರಲು ಇನ್ನೊಂದೇ ಜಾಗ ಇದೆ, ಆದರೆ ಸಮಾಜ ವಿಜ್ಞಾನದ ಶಿಕ್ಷಕರು ಇಬ್ಬರು. ಒಬ್ಬರನ್ನು ಹೊರಗಿಟ್ಟು ಇನ್ನೊಬ್ಬರನ್ನು ಆ ದಿನದ ರಿಲೀವರ್ ಮಾಡಬೇಕು. ರಿಲೀವರ್ ಆದರೆ ಒಂದೇ ಕೊಠಡಿಯಲ್ಲಿ ನಿಲ್ಲುವುದಿಲ್ಲ, ಅಚ್ಚಿನ ತಪ್ಪು ಬಂದರೆ ತಿದ್ದಲು ಕೈಗೆ ಸಿಗುತ್ತಾರೆ. ವಿಜ್ಞಾನದ ದಿನ ಸಿಬಿಜೆಡ್ ಮೇಡಂ ಮಾತ್ರ ಹೊರಗೆ. ಭೌತ-ರಸಾಯನಶಾಸ್ತ್ರ ಹೇಳುವ ಪಿಸಿಎಂ ಇಬ್ಬರೂ ಕೊಠಡಿಯಲ್ಲೇ ಇರಬೇಕಾಗುತ್ತದೆ. ಅಂದು ಮುಖ್ಯ ಶಿಕ್ಷಕರು ಆ ಎರಡು ಕೊಠಡಿಗೆ ಎರಡು ಸುತ್ತು ಹೆಚ್ಚು ಬರುವುದು ಬಿಟ್ಟರೆ ಹತ್ತು ಜನರ ಶಾಲೆಯಲ್ಲಿ ಬೇರೆ ದಾರಿಯಿಲ್ಲ.

ವೇಳಾಪಟ್ಟಿ ಶಾಲೆಯ ಕೈಯಲ್ಲೇ ಇದ್ದರೆ ಇನ್ನೊಂದು ಅನುಕೂಲ ಮಾಡಿಕೊಳ್ಳಬಹುದು: ದೊಡ್ಡ ಬಂಡಲಿನ ಪತ್ರಿಕೆ ಮೊದಲು, ಚಿಕ್ಕದು ಕೊನೆಗೆ. ಕನ್ನಡದ ಪರೀಕ್ಷೆ ಆರನೆಯ ದಿನ ಬಂದರೆ ಆ ಮೂವತ್ತು ಗಂಟೆಯೂ ರಜೆಯೊಳಗೆ ಹೋಗುತ್ತದೆ. ಎಸ್‌ಎ-1 ಆದ ಕೂಡಲೇ ದಸರೆ ರಜೆ ಬರುವುದು ನಮ್ಮಲ್ಲಿ ರೂಢಿ, ಆ ರಜೆಯೂ ಯಾವಾಗಲೂ ರಜೆಯಾಗಿ ಉಳಿಯುವುದಿಲ್ಲ. 2025ರ ದಸರೆಯಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮಾಡಿದರು, ಅದು ಮುಗಿಯದೆ ಅಕ್ಟೋಬರ್ 18ರವರೆಗೆ ಶಾಲೆಗೆ ರಜೆ ವಿಸ್ತರಿಸಬೇಕಾಯಿತು. ಹಾಗೆ ಸಮೀಕ್ಷೆಗೆ ಹೋದವರ ಮನೆಯಲ್ಲಿ ಬಂಡಲ್ ಬಾಕಿ ಇದ್ದರೆ ಅದನ್ನು ನೋಡುವ ಹೊತ್ತು ರಾತ್ರಿಯೇ. ಬಂಡಲ್ ಪರೀಕ್ಷೆಯ ದಿನಗಳಲ್ಲೇ, ಶಾಲೆಯ ಮೇಜಿನ ಮೇಲೇ ಆದಷ್ಟು ಮುಗಿಯುವಂತೆ ಚಾರ್ಟ್ ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇಷ್ಟೆಲ್ಲ ಹೇಳಿದರೆ ದೈಹಿಕ ಶಿಕ್ಷಣದ ಮೇಷ್ಟ್ರು ಕೇಳುವ ಪ್ರಶ್ನೆ ಒಂದಿದೆ. "ಸರ್, ಬಂಡಲ್ ಇಲ್ಲ ಅಂತ ಆರು ದಿನವೂ ನಾವೇ ನಿಲ್ಲಬೇಕಾ? ಮೂರೂವರೆ ಗಂಟೆ ನಿಲ್ಲೋದೂ ಕೂತು ಪೇಪರ್ ನೋಡೋದೂ ಒಂದೇನಾ?" ಪ್ರಶ್ನೆ ನ್ಯಾಯವಾದದ್ದು. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳೂ ಇದೇ ತಿಂಗಳುಗಳ ಆಸುಪಾಸಿನಲ್ಲಿ ಬರುತ್ತವೆ. ಪರೀಕ್ಷೆಯ ದಿನ ಮಕ್ಕಳನ್ನು ಕರೆದುಕೊಂಡು ಅವರು ಓಓಡಿ ಮೇಲೆ ಹೋಗಿದ್ದರೆ ಅದನ್ನು ಡ್ಯೂಟಿ ಎಂದೇ ಬರೆಯಬೇಕು, ಬಾಕಿ ಎಂದು ಬರೆಯಬಾರದು. ನಿಲ್ಲುವ ಆಯಾಸಕ್ಕೆ ರಿಲೀವರ್ ಕೆಲಸವೇ ಪರಿಹಾರ. ಆರು ರಿಲೀವರ್ ಸರದಿಯಲ್ಲಿ ಒಂದು ಸಮಾಜ ವಿಜ್ಞಾನದವರಿಗೆ ಹೋಯಿತು. ಉಳಿದ ಐದರಲ್ಲಿ ದೈಹಿಕ ಶಿಕ್ಷಣ, ಚಿತ್ರಕಲೆಯವರಿಗೆ ಎರಡೆರಡು ಕೊಟ್ಟರೆ ಆರು ದಿನ ಒಂದೇ ಸಮನೆ ಗೋಡೆಗೊರಗಿ ನಿಲ್ಲುವುದು ತಪ್ಪುತ್ತದೆ. ನಿಂತ ಗಂಟೆಗೆ ಒಂದೂಕಾಲು ಪಟ್ಟು, ಕೂತ ಗಂಟೆಗೆ ಒಂದು ಪಟ್ಟು ಎಂದು ತೂಕ ಕಟ್ಟಲು ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಕಣ್ಣಿನ ನೋವಿಗೆ ಎಷ್ಟು, ಸೊಂಟದ ನೋವಿಗೆ ಎಷ್ಟು ಎಂಬ ಚರ್ಚೆ ಎಂದೂ ಮುಗಿಯದು. ಗರ್ಭಿಣಿಯರು, ಎಳೆ ಮಗುವಿನ ತಾಯಂದಿರು, ನಿಲ್ಲಲು ಆಗದವರು ಇದ್ದರೆ ಅವರ ವಿಚಾರ ಬೇರೆ. ಅವರಿಗೆ ನೆಲಮಹಡಿಯ ಕೊಠಡಿ, ಕುರ್ಚಿ, ಅಥವಾ ಕೊಠಡಿಯ ಬದಲು ಮೊತ್ತ ಪರಿಶೀಲನೆ ಕೊಡಬೇಕು. ಆ ಗಂಟೆಗಳೂ ಪೂರ್ತಿ ಗಂಟೆಗಳೇ.

ಕನ್ನಡದ 30 ಗಂಟೆಯನ್ನೇ ಒಡೆಯಬಹುದಲ್ಲ ಎಂದೂ ಕೆಲವರು ಹೇಳುತ್ತಾರೆ. ಸಮಾಜ ವಿಜ್ಞಾನದವರಲ್ಲಿ ಪದವಿಯಲ್ಲಿ ಕನ್ನಡ ಓದಿದವರು ಇರುತ್ತಾರೆ, ಎಂಟನೇ ತರಗತಿಯ 60 ಪತ್ರಿಕೆ ಅವರು ನೋಡಲಿ ಎಂಬ ಸಲಹೆ. ಆಗುತ್ತದೆ, ಆದರೆ ಒಂದು ಷರತ್ತಿನ ಮೇಲೆ. ಒಂದು ತರಗತಿಯ ಎಲ್ಲ ಪತ್ರಿಕೆಯನ್ನೂ ಒಬ್ಬರೇ ನೋಡಬೇಕು. 60ರಲ್ಲಿ 30 ಇವರು, 30 ಅವರು ಎಂದು ಹಂಚಿದರೆ ಒಂದೇ ಪ್ರಬಂಧಕ್ಕೆ ಒಬ್ಬರ ಕೈಯಲ್ಲಿ ಮೂರು, ಇನ್ನೊಬ್ಬರ ಕೈಯಲ್ಲಿ ನಾಲ್ಕು ಬಂದು, ಒಂದೇ ಬೆಂಚಿನ ಇಬ್ಬರು ಮಕ್ಕಳು ಹಾಳೆ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಕೊಡಲು ಉತ್ತರವಿರುವುದಿಲ್ಲ. ಹಂಚಲೇಬೇಕಾದರೆ ಪ್ರಶ್ನೆವಾರು ಹಂಚುವುದು ಲೇಸು: ಪ್ರಬಂಧ, ಪತ್ರ ಎಲ್ಲ 60ರಲ್ಲೂ ಮೇಡಂ ನೋಡುವುದು, ಬಹುಆಯ್ಕೆ ಮತ್ತು ಒಂದು ವಾಕ್ಯದ ಉತ್ತರಗಳನ್ನು ಸ್ಕೀಮ್ ಹಿಡಿದು ಇನ್ನೊಬ್ಬರು ನೋಡುವುದು. ಮಕ್ಕಳಿಗೆ ಅನ್ಯಾಯ ಮಾಡಿ ಶಿಕ್ಷಕರಿಗೆ ನ್ಯಾಯ ಕೊಡುವ ಚಾರ್ಟ್ ನಮಗೆ ಬೇಡ.

ಗಂಟೆ ಸರಿಹೋಗಿದ್ದರೂ ಚಾರ್ಟ್ ಅನ್ಯಾಯದ್ದಾಗಿರಬಹುದು. ಅದು ಗೊತ್ತಾಗುವುದು ಸಾಲಿನ ಮೊತ್ತದಲ್ಲಲ್ಲ, ಕಾಲಮ್ಮುಗಳಲ್ಲಿ. ರಜೆಗೆ ಊರಿಗೆ ಹೊರಡುವ ಹಿಂದಿನ ದಿನದ ಡ್ಯೂಟಿ ಯಾರಿಗೂ ಬೇಡ. ಕಳೆದ ಮೂರು ನಾಲ್ಕು ಪರೀಕ್ಷೆಯ ಚಾರ್ಟ್ ತೆಗೆದು ಕೊನೆಯ ದಿನದ ಕಾಲಂ ಒಂದನ್ನೇ ಪಕ್ಕಪಕ್ಕ ಇಟ್ಟು ನೋಡಿ. ಅದೇ ಹೆಸರುಗಳು ಮತ್ತೆ ಮತ್ತೆ ಇದ್ದರೆ, ಅವರು ಮಾತಾಡದವರು, ಹೊಸದಾಗಿ ಬಂದವರು, ಅತಿಥಿ ಶಿಕ್ಷಕರು ಆಗಿರುವುದೇ ಹೆಚ್ಚು. ಹಾಗೆಯೇ ರಿಲೀವರ್ ಹೆಸರುಗಳನ್ನು ನೋಡಿ. ರಿಲೀವರ್ ಎಂದರೆ ಸ್ವಲ್ಪ ಓಡಾಟ, ಸ್ವಲ್ಪ ಟೀ ಎಂದು ಭಾವಿಸುವ ಶಾಲೆಯಲ್ಲಿ ಆ ಜಾಗ ಪ್ರತಿಸಲವೂ ಒಬ್ಬಿಬ್ಬರಿಗೇ ಹೋಗಿರುತ್ತದೆ. ಇದಕ್ಕೆ ಮದ್ದು ಕೊನೆಯ ದಿನ ಮತ್ತು ರಿಲೀವರ್ ಎರಡಕ್ಕೂ ಬೇರೆ ಸರದಿ ಇಟ್ಟು, ಕಳೆದ ಬಾರಿ ಯಾರಲ್ಲಿ ನಿಂತಿತೋ ಅವರ ಮುಂದಿನವರಿಂದ ಈ ಬಾರಿ ಶುರುಮಾಡುವುದು.

ಅದಲು ಬದಲಿನ ಲೆಕ್ಕವೂ ಬೇಕು. "ಮೇಡಂ, ನಾಳೆ ನನ್ನ ಡ್ಯೂಟಿ ನೋಡ್ಕೊಳ್ಳಿ, ಮುಂದಿನ ಸಲ ನಾನು ಮಾಡ್ತೀನಿ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ದಿನವೂ ನಡೆಯುತ್ತದೆ. ಮುಂದಿನ ಸಲ ಬರುವುದೇ ಇಲ್ಲ. ಚಾರ್ಟಿನ ಕೆಳಗೆ ನಾಲ್ಕು ಗೆರೆ ಬಿಟ್ಟು, ಯಾರ ಬದಲು ಯಾರು, ಯಾವ ದಿನ ಎಂದು ಇಬ್ಬರೂ ಸಹಿ ಮಾಡಿದರೆ ಸಾಕು. ತುರ್ತಾಗಿ ಸಿಎಲ್ ಹಾಕಿದವರ ಡ್ಯೂಟಿ ಮಾಡಿದವರ ಖಾತೆಗೆ ಮೂರೂವರೆ ಗಂಟೆ ಸೇರುತ್ತದೆ, ಹಾಕಿದವರ ಖಾತೆಯಿಂದ ಅಷ್ಟು ಕಳೆಯುತ್ತದೆ. ರಜೆ ಹಾಕಿದ್ದಕ್ಕೆ ಯಾರನ್ನೂ ದೂರಬೇಕಾಗಿಲ್ಲ, ಲೆಕ್ಕ ತಾನಾಗಿ ಮುಂದಿನ ಪರೀಕ್ಷೆಯಲ್ಲಿ ಸರಿಹೋಗುತ್ತದೆ.

ಆ ಮುಂದಿನ ಪರೀಕ್ಷೆಯೇ ನಿಜವಾದ ಪರೀಕ್ಷೆ. ಎಸ್‌ಎ-2ರ ಹೊತ್ತಿಗೆ ಹತ್ತನೇ ತರಗತಿ ಶಾಲೆಯ ಲೆಕ್ಕದಿಂದ ಹೊರಗೆ ಹೋಗುತ್ತದೆ, ಅವರಿಗೆ ಮಂಡಳಿಯ ಪರೀಕ್ಷೆ. ಉಳಿಯುವುದು 120 ಮಕ್ಕಳು, ನಾಲ್ಕು ಕೊಠಡಿ. ಕೆಲಸ ಹಗುರಾಯಿತು ಎನಿಸುತ್ತದೆ. ಆದರೆ ಅದೇ ಋತುವಿನಲ್ಲಿ ಕೆಲವರು ಬೇರೆ ಕೇಂದ್ರಕ್ಕೆ ಎಸ್‌ಎಸ್‌ಎಲ್‌ಸಿ ಕೊಠಡಿ ಮೇಲ್ವಿಚಾರಕರಾಗಿ ಹೋಗುತ್ತಾರೆ, ಆಮೇಲೆ ವಿಷಯ ಶಿಕ್ಷಕರು ಮೌಲ್ಯಮಾಪನ ಶಿಬಿರಕ್ಕೆ ಹೋಗುತ್ತಾರೆ. ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಈ ಕರೆ ಬೇಸಿಗೆಯಲ್ಲೂ ಮುಗಿಯುವುದಿಲ್ಲ. ಶಾಲೆಯಲ್ಲಿ ಉಳಿದವರ ಮೇಲೆ ಎಂಟು, ಒಂಬತ್ತನೇ ತರಗತಿಯ ಪೂರ್ತಿ ಭಾರ ಬೀಳುತ್ತದೆ.

ಮಂಡಳಿಯ ಕೆಲಸವನ್ನು ಶಾಲೆಯ ಗಂಟೆಗೆ ಸೇರಿಸಬೇಕೇ? ಅದಕ್ಕೆ ಬೇರೆ ಸಂಭಾವನೆ ಇರುವುದರಿಂದ ಸೇರಿಸಬಾರದು ಎಂದು ನನಗನಿಸುತ್ತದೆ. ಆದರೆ ಆದೇಶದ ಮೇಲೆ ಹೋದ ದಿನಗಳನ್ನು ಅವರ ಬಾಕಿ ಎಂದು ಬರೆಯುವುದೂ ತಪ್ಪು. ಅವರು ಶಾಲೆಯಲ್ಲಿ ಇರುವ ದಿನಗಳಷ್ಟನ್ನೇ ಎಣಿಸಿ, ಆ ದಿನಗಳ ಅನುಪಾತದಲ್ಲಿ ಪಾಲು ಕಟ್ಟಬೇಕು. ಆರು ದಿನದಲ್ಲಿ ಮೂರು ದಿನ ಇದ್ದವರಿಗೆ ಅರ್ಧ ಪಾಲು. ಅದಕ್ಕೆ ಎಸ್‌ಎ-1ರಲ್ಲಿ ಸರಾಸರಿಗಿಂತ ಹೆಚ್ಚು ಮಾಡಿದ್ದನ್ನು ಕಳೆದು, ಕಡಿಮೆ ಮಾಡಿದ್ದನ್ನು ಕೂಡಿಸಬೇಕು. ಮೊತ್ತ ಪರಿಶೀಲನೆಯೂ ಸೇರಿ ನಮ್ಮ ಶಾಲೆಯ ಒಟ್ಟು 321 ಗಂಟೆ, ಸರಾಸರಿ 32.1. ಕನ್ನಡದ ಮೇಡಂ ಮೂವತ್ತಮೂರೂವರೆ ಮಾಡಿದ್ದಾರೆ, ಅವರಿಗೆ 1.4 ಗಂಟೆ ಜಮಾ. ದೈಹಿಕ ಶಿಕ್ಷಣದವರು 30 ಮಾಡಿದ್ದಾರೆ, 2.1 ಗಂಟೆ ಬಾಕಿ. ಈ ಎರಡು ಅಂಕಿಯನ್ನು ಮಾರ್ಚಿನ ಚಾರ್ಟಿನ ಮೊದಲ ಕಾಲಮ್ಮಿಗೆ ಬರೆದುಕೊಂಡೇ ಹೊಸ ಚಾರ್ಟ್ ಶುರುಮಾಡಬೇಕು. ಜೂನಿನಲ್ಲಿ ವರ್ಗಾವಣೆಯಾಗಿ ಹೋಗುವವರ ಜಮಾ-ಬಾಕಿ ಅಲ್ಲಿಗೆ ಮುಗಿಯುತ್ತದೆ, ಹೊಸದಾಗಿ ಬಂದವರು ಸೊನ್ನೆಯಿಂದ ಶುರುಮಾಡುತ್ತಾರೆ.